ಸಬ್‌ಮರ್ಸಿಬಲ್ ಮೋಟರಿಗೆ ನಿರ್ವಹಣೆ ಹಾಳೆ: ಸ್ಟಾರ್ಟರ್ ಡಬ್ಬಿ ಬಾಗಿಲಿಗೆ ಏನು ಬರೆದು ಅಂಟಿಸಬೇಕು?

ಹಿರಿಯೂರು ತೋಟ

ನಮ್ಮದು ನಾಲ್ಕು ಮನೆಯವರು ಸೇರಿ ಕೊರೆಸಿದ ಬೋರ್. 7.5 ಎಚ್‌ಪಿ ತ್ರೀಫೇಸ್ ಸಬ್‌ಮರ್ಸಿಬಲ್, 350 ಅಡಿಗೆ ಬಿಟ್ಟಿದೀವಿ, ಡಿಒಎಲ್ ಸ್ಟಾರ್ಟರ್. ಅಡಿಕೆಗೂ ತೆಂಗಿಗೂ ಡ್ರಿಪ್. ಸ್ವಿಚ್ ಒತ್ತೋಕೆ ನಾಲ್ಕು ಮನೆಯವರೂ ಬರ್ತಾರೆ, ಮೋಟರ್ ಹೇಗಿದೆ ಅಂತ ನೋಡೋಕೆ ಒಬ್ಬರೂ ಇಲ್ಲ. ಅದಕ್ಕೆ ಮೋಟರ್ ಜೊತೆ ಬಂದ ಇಂಗ್ಲಿಷ್ ಪುಸ್ತಕ ಮುಂದಿಟ್ಕೊಂಡು ಕನ್ನಡದಲ್ಲಿ ಒಂದೇ ಹಾಳೆ ಮಾಡಿ ಡಬ್ಬಿ ಬಾಗಿಲಿಗೆ ಅಂಟಿಸೋಣ ಅಂತ ಹೊರಟಿದೀನಿ. ಸದ್ಯಕ್ಕೆ ಬರೆದಿರೋದು ಇಷ್ಟು:

ದಿನಾ: ವೋಲ್ಟ್ ಮೀಟರ್, ಆಂಪಿಯರ್ ಮೀಟರ್ ನೋಡುವುದು.
ತಿಂಗಳಿಗೊಮ್ಮೆ: ಸ್ಟಾರ್ಟರ್ ಧೂಳು ಒರೆಸಿ ಸ್ಕ್ರೂ ಬಿಗಿ ಮಾಡುವುದು.
ಆರು ತಿಂಗಳಿಗೊಮ್ಮೆ: ಮೋಟರ್ ಎತ್ತಿಸಿ ಸರ್ವಿಸ್.
ನೀರು ಕಮ್ಮಿ ಬಂದರೆ: ಬೋರಿನಲ್ಲಿ ನೀರು ಇಳಿದಿದೆ.
ರಿಲೇ ಟ್ರಿಪ್ ಆದರೆ: ಓವರ್‌ಲೋಡ್. ಸೆಟ್ಟಿಂಗ್ ಸ್ವಲ್ಪ ಏರಿಸುವುದು.
ಮನೆಯಲ್ಲಿ ಇಡಬೇಕಾದ ಬಿಡಿಭಾಗ: ಬುಷ್ ಸೆಟ್, ಇಂಪೆಲ್ಲರ್, ಥ್ರಸ್ಟ್ ಬೇರಿಂಗ್, ಕಾಂಟ್ಯಾಕ್ಟ್ ಕಿಟ್.

ಏನು ಸೇರಿಸಬೇಕು, ಏನು ತೆಗೀಬೇಕು ಹೇಳಿ. ಇನ್ನೊಂದು ವಿಷಯ. ಈಗೊಂದು ವಾರದಿಂದ ಮಧ್ಯಾಹ್ನದ ಹೊತ್ತು ಗಂಟೆಗಟ್ಟಲೆ ಓಡಿದ ಮೇಲೆ ರಿಲೇ ಬೀಳ್ತಿತ್ತು. ಚಿಕ್ಕಪ್ಪ 13.5ರಲ್ಲಿದ್ದ ರಿಲೇನ 16ಕ್ಕೆ ತಿರುಗಿಸಿದಾರೆ. ಈಗ ಬೀಳ್ತಾ ಇಲ್ಲ.

ದಾಳಿಂಬೆ ಬೆಳೆಗಾರ

ಹಾಳೆ ಚೆನ್ನಾಗಿದೆ ಅಣ್ಣ. ಎರಡು ಮಾತು. ಕಾಂಟ್ಯಾಕ್ಟ್ ಪಾಯಿಂಟುಗಳಿಗೆ ತಿಂಗಳಿಗೊಂದು ಸಲ ಎಮರಿ ಪೇಪರ್ ಹಾಕಿ ಉಜ್ಜಬೇಕು, ಬೆಳ್ಳಗೆ ಮಿಂಚಬೇಕು. ಎರಡನೇದು, ರಿಲೇ ಯಾವತ್ತೂ ಮೋಟರ್ ಪ್ಲೇಟಿನ ಮೇಲೆ ಎಷ್ಟು ಆಂಪ್ಸ್ ಬರೆದಿದೆಯೋ ಅಷ್ಟಕ್ಕೇ ಇರಬೇಕು. 16 ತಪ್ಪು. ನಂದು 10 ಎಚ್‌ಪಿ ಸ್ಟಾರ್-ಡೆಲ್ಟಾ, ಪ್ಲೇಟಿನಲ್ಲಿ 18 ಇದೆ, ರಿಲೇನೂ 18. ಇನ್ನು ಸರ್ವಿಸ್ ಅಂತೂ ಬೇಕೇ ಬೇಕು. ಟ್ರ್ಯಾಕ್ಟರಿಗೆ ಆಯಿಲ್ ಬದಲಾಯಿಸಲ್ವಾ, ಹಾಗೇ.

ತುಂಗಾ ತೀರ

ಗ್ಲ್ಯಾಂಡ್ ವಿಷಯ ಬರ್ದೇ ಇಲ್ವಲ್ಲಾ ಸ್ವಾಮಿ? ನಮ್ಮ ಹೊಳೆ ದಂಡೆ ಪಂಪಿನಲ್ಲಿ ಮೊದಲು ನೋಡೋದೇ ಅದು. ಗ್ಲ್ಯಾಂಡಿನಿಂದ ನೀರು ಹನಿ ಹನಿಯಾಗಿ ಬೀಳ್ತಾ ಇರಬೇಕು, ಸೆಕೆಂಡಿಗೊಂದು ಹನಿ ಅಂತ ಇಟ್ಕೊಳ್ಳಿ. ಪೂರ್ತಿ ನಿಲ್ಲೋ ಹಾಗೆ ಬಿಗಿ ಮಾಡಿದ್ರೆ ಹಗ್ಗ ಸುಟ್ಟು ಶಾಫ್ಟ್ ಸ್ಲೀವ್ ತಿಂದುಹಾಕುತ್ತೆ. ಧಾರೆ ಕಟ್ಟಿದ್ರೆ ಹಗ್ಗ ಬದಲಾಯಿಸಿ. ಆಮೇಲೆ ಫುಟ್‌ವಾಲ್ವ್‌ಗೆ ಕಸ ಸಿಕ್ಕಿದೆಯಾ ನೋಡಿ.

ಸಿರಾದ ಸುಮಾ

ತುಂಗಾ ತೀರದವರೇ, ಅವರದ್ದು ಬೋರ್ ಒಳಗಿನ ಮೋಟರ್. ಗ್ಲ್ಯಾಂಡೂ ಇಲ್ಲ, ಫುಟ್‌ವಾಲ್ವೂ ಇಲ್ಲ. 350 ಅಡಿ ಕೆಳಗೆ ಕೂತಿರೋದನ್ನ ಮೇಲಿಂದ ಹೇಗೆ ನೋಡ್ಕೊಳ್ಳೋದು ಅನ್ನೋದು ಪ್ರಶ್ನೆ.

ತುಂಗಾ ತೀರ

ಹೌದಾ! ನೀರಾವರಿ ಪಂಪ್ ಅಂದ ತಕ್ಷಣ ಮಾನೋಬ್ಲಾಕ್ ಅಂದ್ಕೊಂಡೆ. ಹನಿ ಲೆಕ್ಕ ಬೇಕಾದವರು ಇಟ್ಕೊಳ್ಳಿ, ಸುಳ್ಳಲ್ಲ ಅದು.

ವೈಂಡಿಂಗ್ ಶಾಪ್

ಹಿರಿಯೂರಿನವರೇ, ಮೊದಲು ರಿಲೇನ 13.5ಕ್ಕೆ ವಾಪಸ್ ತನ್ನಿ. ಇವತ್ತೇ. ಆಮೇಲೆ ಹಾಳೆ ಮಾತಾಡೋಣ. ರಿಲೇ ಬಿದ್ದದ್ದು ನಿಮಗೆ ತೊಂದರೆ ಕೊಡೋಕಲ್ಲ. ಯಾವುದೋ ಒಂದು ತಂತಿಯಲ್ಲಿ ಕರೆಂಟ್ ಜಾಸ್ತಿ ಹೋಗ್ತಿದೆ ಅಂತ ಅದು ಹೇಳ್ತಿತ್ತು, ನೀವು ಬಾಯಿ ಮುಚ್ಚಿಸಿದಿರಿ. ನನ್ನ ಅಂಗಡಿಗೆ ಸುಟ್ಟು ಬರೋ ಮೋಟರುಗಳ ಸ್ಟಾರ್ಟರ್ ನೋಡೋಕೆ ಹೋದರೆ ರಿಲೇ ಡಯಲ್ ತುದಿಗೆ ತಿರುಗಿಸಿರೋದೇ ಜಾಸ್ತಿ. ಕೆಲವದರಲ್ಲಿ ರಿಲೇನೇ ಬಿಟ್ಟು ನೇರ ವೈರ್ ಕೊಟ್ಟಿರ್ತಾರೆ.

ನಿಮ್ಮ ಹಾಳೆಯಲ್ಲಿ "ಆಂಪಿಯರ್ ಮೀಟರ್ ನೋಡುವುದು" ಅಂತಿದೆ. ಎಷ್ಟಿರಬೇಕು ಅಂತ ಬರೆದಿಲ್ಲ. ಮೀಟರಲ್ಲಿ 14 ತೋರಿಸಿದ್ರೆ ಸ್ವಿಚ್ ಒತ್ತೋನಿಗೆ ಅದು ಒಳ್ಳೇದೋ ಕೆಟ್ಟದ್ದೋ ಹೇಗೆ ಗೊತ್ತಾಗಬೇಕು? ಮೋಟರ್ ಚೆನ್ನಾಗಿದ್ದಾಗಿನ ನಿಮ್ಮದೇ ಅಂಕಿ ಹಾಳೆಯ ತಲೆ ಮೇಲೆ ದೊಡ್ಡದಾಗಿ ಇರಬೇಕು. ಮೂರು ಫೇಸಿನ ಆಂಪ್ಸ್, ಆ ಹೊತ್ತಿನ ವೋಲ್ಟೇಜ್, ಮತ್ತೆ ಇನ್ನೂರು ಲೀಟರ್ ಡ್ರಮ್ ತುಂಬೋಕೆ ಎಷ್ಟು ಸೆಕೆಂಡ್. ಡ್ರಮ್ಮನ್ನ ಬೋರ್ ಬಾಯಲ್ಲೇ ಇಡಿ, ತೋಟದ ತುದಿಯಲ್ಲಲ್ಲ. ಮೋಟರ್ ಹಾಕಿ ಹತ್ತು ನಿಮಿಷ ಆದ ಮೇಲೆ ಅಳೀರಿ.

ಹೇಳಿ, ಮೂರು ಫೇಸಲ್ಲೂ ಬೇರೆ ಬೇರೆ ಅಳೆದಿದೀರಾ? ಡಬ್ಬಿ ಮೇಲಿನ ಮೀಟರ್ ಒಂದೇ ಫೇಸಿಗೆ ಹಾಕಿರ್ತಾರೆ.

ಹಿರಿಯೂರು ತೋಟ

ಇಲ್ಲ ಸಾರ್, ಡಬ್ಬಿಯಲ್ಲಿ ಒಂದೇ ಮೀಟರ್, ಅದು ಆರ್ ಫೇಸಿನದ್ದು. ಅದರಲ್ಲಿ 12ರ ಹತ್ತಿರ ತೋರಿಸ್ತಿತ್ತು, ಅದಕ್ಕೇ ಚಿಕ್ಕಪ್ಪ ರಿಲೇನೇ ಕೆಟ್ಟಿದೆ ಅಂದ್ಕೊಂಡ್ರು. ನಿಮ್ಮ ಮಾತು ಓದಿ ಎಲೆಕ್ಟ್ರಿಷಿಯನ್ ಕರೆಸಿ ಟಾಂಗ್ ಟೆಸ್ಟರಲ್ಲಿ ನೋಡಿದ್ವಿ. ಆರ್ 11.7, ವೈ 12.9, ಬಿ 14.4. ಮೋಟರ್ ಓಡ್ತಾ ಇರುವಾಗಲೇ ವೋಲ್ಟೇಜ್: ಆರ್-ವೈ ನಡುವೆ 388, ವೈ-ಬಿ 399, ಬಿ-ಆರ್ 401. ಡ್ರಮ್ 51 ಸೆಕೆಂಡ್. ಇಳಿಸಿದಾಗ 50 ಇತ್ತು ಅಂತ ಪಕ್ಕದ ಮನೆ ಹುಡುಗ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿದ್ದ, ಅದು ಈಗ ಉಪಯೋಗಕ್ಕೆ ಬಂತು.

ರಿಲೇ 13.5ಕ್ಕೆ ತಂದಿದೀನಿ. ಚಿಕ್ಕಪ್ಪ ಮಾತಾಡ್ತಿಲ್ಲ.

ವೈಂಡಿಂಗ್ ಶಾಪ್

ಆ ಹುಡುಗನಿಗೆ ಒಂದು ಕಾಫಿ ಕುಡಿಸಿ.

ಈಗ ಲೆಕ್ಕ ನೋಡಿ. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ ಸರಾಸರಿ 13.0. ಸರಾಸರಿಯಿಂದ ಹೆಚ್ಚು ದೂರ ಇರೋದು ಬಿ, 1.4 ಆಂಪ್ಸ್. 1.4ನ್ನ 13ರಿಂದ ಭಾಗಿಸಿದರೆ ಹತ್ತಿರ ಹತ್ತಿರ ನೂರಕ್ಕೆ 11. ಐದರ ಒಳಗಿರಬೇಕು. ಹನ್ನೊಂದು ಅಂದ್ರೆ ಬಿ ಫೇಸಿನ ವೈಂಡಿಂಗ್ ಬಿಸಿಯಾಗ್ತಾ ಇದೆ. ಮಧ್ಯಾಹ್ನ ಬಿಸಿಲಿಗೆ ಸ್ಟಾರ್ಟರ್ ಡಬ್ಬಿನೂ ಕಾದಿರುತ್ತೆ, 13.5ರ ರಿಲೇ 14.4ನ್ನ ಗಂಟೆಗಟ್ಟಲೆ ತಡ್ಕೊಳ್ಳಲ್ಲ, ಬೀಳುತ್ತೆ. ನೀರು ಕಮ್ಮಿ ಆಗಿಲ್ಲ, ಆದ್ರಿಂದ ಪಂಪಿನ ಭಾಗ ಚೆನ್ನಾಗೇ ಇದೆ. ಪ್ರಶ್ನೆ ಇರೋದು ತಪ್ಪು ಮೋಟರಿನದೋ ಲೈನಿನದೋ ಅಂತ.

ಅದನ್ನ ಮೋಟರ್ ಎತ್ತದೆ ಕಂಡುಹಿಡೀಬಹುದು. ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಳ್ಳಿ, ಟೆಸ್ಟರ್ ಹಿಡಿದು ಕರೆಂಟ್ ಇಲ್ಲ ಅಂತ ನೋಡಿ. ಸ್ಟಾರ್ಟರಿನಿಂದ ಮೋಟರಿಗೆ ಹೋಗೋ ಮೂರು ವೈರಿಗೆ 1, 2, 3 ಅಂತ ಟೇಪ್ ಸುತ್ತಿ. ಈಗ ಮೂರನ್ನೂ ಒಂದೊಂದು ಮನೆ ಮುಂದಕ್ಕೆ ಸರಿಸಿ: 1 ಇದ್ದ ಜಾಗಕ್ಕೆ 3, 2ರ ಜಾಗಕ್ಕೆ 1, 3ರ ಜಾಗಕ್ಕೆ 2. ಮೂರನ್ನೂ ಸರಿಸಿದ್ರೆ ಮೋಟರ್ ತಿರುಗೋ ದಿಕ್ಕು ಬದಲಾಗಲ್ಲ. ಎರಡನ್ನೇ ಅದಲು ಬದಲು ಮಾಡಿದ್ರೆ ಉಲ್ಟಾ ತಿರುಗುತ್ತೆ, ಹುಷಾರು. ಓಡಿಸಿ ಮತ್ತೆ ಅಳೀರಿ. ಇನ್ನೊಂದು ಸಲ ಸರಿಸಿ, ಮತ್ತೆ ಅಳೀರಿ.

ಜಾಸ್ತಿ ಆಂಪ್ಸ್ ಪ್ರತಿ ಸಲವೂ ಬಿ ಫೇಸಲ್ಲೇ ನಿಂತ್ರೆ ತಪ್ಪು ಸ್ಟಾರ್ಟರಿನ ಆಚೆ, ಲೈನ್ ಕಡೆ ಅಥವಾ ಸ್ಟಾರ್ಟರ್ ಒಳಗೆ. 3ನೇ ವೈರ್ ಹೋದ ಹೋದ ಕಡೆಗೆಲ್ಲ ಜಾಸ್ತಿ ಆಂಪ್ಸೂ ಹೋದ್ರೆ ಕೇಬಲ್, ಜಾಯಿಂಟ್ ಅಥವಾ ವೈಂಡಿಂಗ್. ಆಗ ಎತ್ತಲೇಬೇಕು.

ದಾಳಿಂಬೆ ಬೆಳೆಗಾರ

ಇಷ್ಟೆಲ್ಲಾ ಯಾಕೆ ಸಾರ್, ಎತ್ತಿ ನೋಡಿದ್ರೆ ಒಂದೇ ದಿನದಲ್ಲಿ ಗೊತ್ತಾಗುತ್ತಲ್ಲ.

ವೈಂಡಿಂಗ್ ಶಾಪ್

ಎತ್ತಿದ್ರೆ ಮೋಟರ್ ಮೇಲೆ ಬರುತ್ತೆ, ಲೈನ್ ಅಲ್ಲೇ ಇರುತ್ತೆ. ಲೈನ್ ತಪ್ಪಿದ್ರೆ ಎತ್ತಿದ ಖರ್ಚೂ ಹೋಯ್ತು, ಇಳಿಸಿದ ಮೇಲೆ ಅದೇ ಕಥೆ. ಎತ್ತುವಾಗ ಕೇಸಿಂಗ್ ಬಾಯಿಗೆ ಕೇಬಲ್ ಉಜ್ಜುತ್ತೆ, ಪೈಪಿನ ಥ್ರೆಡ್ ಸವೆಯುತ್ತೆ. ಓಡ್ತಿರೋ ಮೋಟರನ್ನ ಸುಮ್ಮನೆ ಎತ್ತಬೇಡಿ ಅಂತಲೇ ನಾನು ಹೇಳೋದು. ಅದರಿಂದ ನನಗೇ ವ್ಯಾಪಾರ ಕಮ್ಮಿ, ಆದ್ರೂ.

ಅಂದ ಹಾಗೆ ನಿಮ್ಮ 18ರ ವಿಷಯ. ಸ್ಟಾರ್-ಡೆಲ್ಟಾದಲ್ಲಿ ರಿಲೇ ಎಲ್ಲಿ ಕೂತಿದೆ ನೋಡಿದೀರಾ?

ದಾಳಿಂಬೆ ಬೆಳೆಗಾರ

ಮೇನ್ ಕಾಂಟ್ಯಾಕ್ಟರ್ ಕೆಳಗೆ ಇದೆ. ಅಲ್ಲಿಂದ ಮೂರು ವೈರ್ ಮೋಟರಿಗೆ ಹೋಗುತ್ತೆ. ಡೆಲ್ಟಾ ಕಾಂಟ್ಯಾಕ್ಟರಿಂದ ಇನ್ನು ಮೂರು ಬೇರೆ ಹೋಗುತ್ತೆ.

ವೈಂಡಿಂಗ್ ಶಾಪ್

ಹಾಗಿದ್ರೆ ನಿಮ್ಮ ರಿಲೇ ಒಳಗೆ ಲೈನಿನ ಪೂರ್ತಿ ಕರೆಂಟ್ ಹೋಗ್ತಾನೇ ಇಲ್ಲ. ಡೆಲ್ಟಾಗೆ ಬಿದ್ದ ಮೇಲೆ ಕರೆಂಟ್ ಎರಡು ದಾರಿಯಾಗಿ ಹಂಚಿಹೋಗುತ್ತೆ, ರಿಲೇ ನೋಡೋದು ಲೈನಿನ ನೂರಕ್ಕೆ 58ರಷ್ಟು ಮಾತ್ರ. 18ನ್ನ 0.58ರಿಂದ ಗುಣಿಸಿ, 10.4 ಬರುತ್ತೆ. ಡಯಲ್ ಅಲ್ಲಿರಬೇಕು. ಈಗ 18ರಲ್ಲಿಟ್ಟಿದೀರಿ ಅಂದ್ರೆ ಲೈನಲ್ಲಿ 31 ಆಂಪ್ಸ್ ದಾಟೋವರೆಗೆ ಅದು ಕಣ್ಣು ಬಿಡಲ್ಲ. ಅಷ್ಟೊತ್ತಿಗೆ ವೈಂಡಿಂಗ್ ಕರಕಲಾಗಿರುತ್ತೆ. ಡಿಒಎಲ್‌ಗೆ ನೀವು ಹೇಳಿದ್ದು ಸರಿ, ಪ್ಲೇಟಿನ ಅಂಕಿನೇ. ಸ್ಟಾರ್-ಡೆಲ್ಟಾಗೆ ಅಲ್ಲ.

ರಿಲೇನ ಒಳಬರೋ ಲೈನಿಗೇ ಹಾಕಿರೋ ಪ್ಯಾನೆಲ್ಲುಗಳೂ ಉಂಟು, ಅಲ್ಲಿ ಪೂರ್ತಿ ಅಂಕಿ. ಅದಕ್ಕೇ ಎಲ್ಲಿ ಕೂತಿದೆ ಅಂತ ಕೇಳಿದ್ದು.

ದಾಳಿಂಬೆ ಬೆಳೆಗಾರ

ಹೋದ ಬೇಸಿಗೆಯಲ್ಲಿ ಮೋಟರ್ ಸುಟ್ಟಾಗ ರಿಲೇ ಬೀಳಲೇ ಇಲ್ಲ. ಅದಕ್ಕೆ ಇದೇ ಕಾರಣನಾ?

ವೈಂಡಿಂಗ್ ಶಾಪ್

ಇರಬಹುದು. ಸುಟ್ಟ ವೈಂಡಿಂಗ್ ನೋಡದೆ ಹೇಳೋಕಾಗಲ್ಲ. ಮೂರು ಫೇಸೂ ಒಂದೇ ಥರ ಕಪ್ಪಾಗಿದ್ರೆ ಓವರ್‌ಲೋಡ್ ಅಥವಾ ನೀರಿಲ್ಲದೆ ಓಡಿರೋದು. ಒಂದು ಫೇಸ್ ಮಾತ್ರ ಚೆನ್ನಾಗಿದ್ದು ಉಳಿದೆರಡು ಸುಟ್ಟಿದ್ರೆ, ಅಥವಾ ಒಂದು ಮಾತ್ರ ಸುಟ್ಟಿದ್ರೆ, ಫೇಸ್ ಹೋಗಿರೋದು. ಕಟ್ಟಿದವರನ್ನ ಕೇಳಿ, ಅವರಿಗೆ ನೆನಪಿರುತ್ತೆ.

ಮತ್ತೆ ಆ ಎಮರಿ ಪೇಪರ್ ಬಿಡಿ. ಪಾಯಿಂಟ್ ಮೇಲಿರೋದು ಬೆಳ್ಳಿ ಬೆರೆತ ತೆಳು ಪದರ. ಕಪ್ಪಗಾದ್ರೂ ಅದು ಕೆಲಸ ಮಾಡುತ್ತೆ. ತಿಂಗಳಿಗೊಮ್ಮೆ ಉಜ್ಜಿದ್ರೆ ಬೆಳ್ಳಿ ನಿಮ್ಮ ಪೇಪರ್ ಮೇಲಿರುತ್ತೆ, ಪಾಯಿಂಟ್ ಮೇಲಲ್ಲ. ಗುಳಿ ಬಿದ್ದು ಅರ್ಧ ಸವೆದಿದ್ರೆ ಮೂರನ್ನೂ ಒಟ್ಟಿಗೆ ಬದಲಾಯಿಸಿ.

ಹಿರಿಯೂರು ತೋಟ

ಸರಿಸಿ ಸರಿಸಿ ಅಳೆದ್ವಿ ಸಾರ್. ಎರಡನೇ ಸಲ: ಆರ್ 11.8, ವೈ 12.8, ಬಿ 14.3. ಮೂರನೇ ಸಲ: ಆರ್ 11.6, ವೈ 13.0, ಬಿ 14.4. ವೈರ್ ಯಾವುದೇ ಕೊಟ್ರೂ ಬಿ ಫೇಸೇ ಜಾಸ್ತಿ. ಹಾಗಾದ್ರೆ ಲೈನೇ?

ನಿವೃತ್ತ ಲೈನ್‌ಮನ್

ನಾನು ಇಲ್ಲಿ ಓದ್ತಾ ಇರ್ತೀನಿ, ಬರೆಯೋದು ಕಮ್ಮಿ. ಇದು ನನ್ನ ವಿಷಯ, ಅದಕ್ಕೆ ಬರೀತೀನಿ.

ಲೈನೇ. ನಿಮ್ಮ ವೋಲ್ಟೇಜ್ ಅಂಕಿಯಲ್ಲೇ ಉತ್ತರ ಇದೆ. 388, 399, 401. ಸರಾಸರಿ 396, ಆರ್-ವೈ ಅದಕ್ಕಿಂತ 8 ವೋಲ್ಟ್ ಕೆಳಗೆ, ನೂರಕ್ಕೆ 2. ಎಂಟು ವೋಲ್ಟ್ ತಾನೇ ಅಂತ ಜನ ಬಿಟ್ಟುಬಿಡ್ತಾರೆ. ಆದ್ರೆ ವೋಲ್ಟೇಜಲ್ಲಿ ಒಂದು ಪರ್ಸೆಂಟ್ ಏರುಪೇರಿಗೆ ಮೋಟರ್ ಕರೆಂಟಲ್ಲಿ ಆರರಿಂದ ಹತ್ತು ಪರ್ಸೆಂಟ್ ಏರುಪೇರಾಗುತ್ತೆ. ನಿಮ್ಮ ಹನ್ನೊಂದು ಅಲ್ಲಿಂದಲೇ ಬಂದಿದ್ದು.

ಆರ್-ವೈ ನಡುವೆ ಮಾತ್ರ ಯಾಕೆ ಇಳಿದಿದೆ? ನಿಮ್ಮ ಟಿಸಿ ಮೇಲೆ ಟೂ ಫೇಸ್ ಮೋಟರ್ ಇಟ್ಟವರು ಇದಾರಾ ನೋಡಿ. ಎರಡು ಫೇಸ್ ಎಳ್ಕೊಂಡು ಕಂಡೆನ್ಸರ್ ಹಾಕಿ ಓಡಿಸೋ ಸಣ್ಣ ಮೋಟರುಗಳು. ಅವರೆಲ್ಲ ಎಡಗಡೆಯಿಂದ ಮೊದಲ ಎರಡು ತಂತಿನೇ ಕೊಟ್ಟಿರ್ತಾರೆ, ಕೈಗೆ ಸುಲಭ ಅಂತ. ಹಾಗೆ ಮೂರ್ನಾಲ್ಕು ಸೇರಿದ್ರೆ ಆ ಎರಡು ಫೇಸ್ ಜಗ್ಗುತ್ತೆ. ತ್ರೀಫೇಸ್ ಕೊಡೋ ಏಳು ಗಂಟೆಯಲ್ಲೇ ಎಲ್ಲರೂ ಓಡಿಸೋದರಿಂದ ನಿಮ್ಮ ಮೋಟರಿಗೆ ಅದು ನೇರವಾಗಿ ತಟ್ಟುತ್ತೆ.

ಕಂಬ ಹತ್ತೋ ಕೆಲಸ ಇದಲ್ಲ. ಅವರವರ ಮೇನ್ ಸ್ವಿಚ್ಚಿನಲ್ಲೇ ಒಬ್ಬರು ವೈ-ಬಿಗೆ, ಇನ್ನೊಬ್ಬರು ಬಿ-ಆರ್‌ಗೆ ಬದಲಾಯಿಸಿಕೊಂಡ್ರೆ ಸಾಕು. ಅವರ ಮೋಟರಿಗೆ ಏನೂ ಆಗಲ್ಲ. ಟಿಸಿ ಬಳಿ ಫ್ಯೂಸ್ ಸಡಿಲ ಇದೆಯಾ ಅನ್ನೋದನ್ನ ಮಾತ್ರ ನಿಮ್ಮ ಲೈನ್‌ಮನ್‌ಗೇ ಹೇಳಿ, ನೀವು ಕೈ ಹಾಕಬೇಡಿ. ಎಷ್ಟು ಜನ ಹೋಗಿದಾರೆ ಹಾಗೆ.

ಹಿರಿಯೂರು ತೋಟ

ಇದಾರೆ ಸಾರ್, ಮೂರು ಜನ. ಮೂರೂ ಆರ್-ವೈ. ಮಾತಾಡಿಸ್ತೀನಿ.

ಸಿರಾದ ಸುಮಾ

ಇದು ನಡೀತಾ ಇರಲಿ, ನಾನು ಹಾಳೆಗೆ ಬರ್ತೀನಿ. "ನೀರು ಕಮ್ಮಿ ಬಂದರೆ ಬೋರಿನಲ್ಲಿ ನೀರು ಇಳಿದಿದೆ" ಅನ್ನೋ ಸಾಲು ನಂಗೆ ಒಪ್ಪಿಗೆ ಇಲ್ಲ. ನಮ್ಮೂರಲ್ಲಿ ನೀರು ಕಮ್ಮಿ ಆದ ತಕ್ಷಣ ಇನ್ನೆರಡು ಪೈಪ್ ಇಳಿಸ್ತಾರೆ. ನಮ್ಮ ಬೋರಿಗೂ ಹಾಗೇ ಮಾಡೋಕೆ ಹೊರಟಿದ್ರು. ನಾನು ಬೇಡ ಅಂತ ಹೇಳಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಹಾಕಿ ನೋಡಿದೆ. ಮೊದಲ ನಿಮಿಷದಿಂದಲೇ ನೀರು ಕಮ್ಮಿ. ಬೋರಿನ ನೀರು ಇಳಿದಿದ್ರೆ ರಾತ್ರಿ ತುಂಬಿಕೊಂಡು ಬೆಳಿಗ್ಗೆ ಹತ್ತು ನಿಮಿಷವಾದ್ರೂ ಚೆನ್ನಾಗಿ ಬರಬೇಕಿತ್ತಲ್ಲ? ಕೇಸಿಂಗ್ ಬಾಯಿಗೆ ಕಿವಿ ಇಟ್ರೆ ಒಳಗೆ ನೀರು ಸುರಿಯೋ ಸದ್ದು. ಎತ್ತಿದಾಗ ಪೈಪಿನಲ್ಲಿ ತೂತು. ಜಿಐ ಪೈಪ್ ತುಕ್ಕು ಹಿಡಿದಿತ್ತು.

ವೈಂಡಿಂಗ್ ಶಾಪ್

ಸುಮಾ ಅಕ್ಕ ಹೇಳಿದ್ದು ಸರಿಯಾದ ವಿಧಾನ. ದೋಷಪಟ್ಟಿ ಬರೆಯುವಾಗ ಒಂದೇ ಲಕ್ಷಣ ಹಿಡ್ಕೊಂಡು ಬರೀಬೇಡಿ. ಡ್ರಮ್ಮನ್ನೂ ಆಂಪ್ಸನ್ನೂ ಜೋಡಿಯಾಗಿ ನೋಡಿ.

ನೀರೂ ಕಮ್ಮಿ, ಆಂಪ್ಸೂ ಕಮ್ಮಿ ಅಂದ್ರೆ ಮೋಟರ್ ಮೇಲೆ ಭಾರ ಬೀಳ್ತಾ ಇಲ್ಲ. ನೀರಿನ ಮಟ್ಟ ಇಳಿದಿದೆ, ಇಂಪೆಲ್ಲರ್ ಸವೆದಿದೆ, ಸ್ಟ್ರೈನರ್ ಕಟ್ಟಿದೆ, ಅಥವಾ ಉಲ್ಟಾ ತಿರುಗ್ತಿದೆ. ಲೈನ್ ಕೆಲಸ ಆದ ಮಾರನೇ ದಿನ ನೀರು ಕಮ್ಮಿ ಆದ್ರೆ ಮೊದಲು ಎರಡು ಫೇಸ್ ಅದಲು ಬದಲು ಮಾಡಿ ನೋಡಿ, ಯಾವುದರಲ್ಲಿ ನೀರು ಜಾಸ್ತಿಯೋ ಅದೇ ಸರಿ ದಿಕ್ಕು. ಪೈಪ್ ತೂತಾಗಿದ್ರೆ ಆಂಪ್ಸ್ ಕಮ್ಮಿ ಆಗಲ್ಲ, ಪಂಪ್ ಅಷ್ಟೇ ನೀರು ಎತ್ತುತ್ತೆ, ನಿಮ್ಮ ಡ್ರಮ್ಮಿಗೆ ಬರಲ್ಲ ಅಷ್ಟೇ. ನೀರು ಕಮ್ಮಿ ಆಂಪ್ಸ್ ಜಾಸ್ತಿ ಅಂದ್ರೆ ಏನೋ ಉಜ್ಜುತ್ತಿದೆ: ಮರಳು ಸಿಕ್ಕಿದೆ, ಬುಷ್ ಹೋಗಿದೆ, ಇಲ್ಲ ಥ್ರಸ್ಟ್ ಬೇರಿಂಗ್ ತಿಂದು ಶಾಫ್ಟ್ ಕೆಳಗೆ ಕೂತಿದೆ. ಅಂಥದ್ದನ್ನ ನಾಳೆ ನೋಡೋಣ ಅಂತ ಓಡಿಸಬೇಡಿ. ನೀರು ಅಷ್ಟೇ ಇದ್ದು ಆಂಪ್ಸ್ ಮಾತ್ರ ಜಾಸ್ತಿ, ಅದು ನಿಮ್ಮ ಈಗಿನ ಕೇಸು, ಲೈನ್ ಕಡೆ ನೋಡಿ.

ಮುಳ್ಳು ಮೇಲೆ ಕೆಳಗೆ ಆಡ್ತಾ ಪೈಪಿಂದ ಗಾಳಿ ಕೆಮ್ಮಿಕೊಂಡು ನೀರು ಬಂದ್ರೆ ತಕ್ಷಣ ನಿಲ್ಲಿಸಿ. ಒಳಗಿನ ಬುಷ್‌ಗಳಿಗೆ ನೀರೇ ಎಣ್ಣೆ.

ದಾಳಿಂಬೆ ಬೆಳೆಗಾರ

ಅದಕ್ಕೆ ಡ್ರೈರನ್ ಪ್ರಿವೆಂಟರ್ ಹಾಕಿದ್ರೆ ಆಯ್ತಲ್ಲ?

ವೈಂಡಿಂಗ್ ಶಾಪ್

ಹಾಕಿ, ಒಳ್ಳೇದೇ. ಆದ್ರೆ ಅದು ಆಂಪ್ಸ್ ಕಮ್ಮಿ ಆಗೋದನ್ನ ನೋಡಿ ನಿಲ್ಲಿಸೋ ಸಾಮಾನು. ಮಾಮೂಲು ಓಡೋ ಆಂಪ್ಸಿನ ನೂರಕ್ಕೆ 80ರ ಹತ್ತಿರ ಇಡಬೇಕು. ತುಂಬಾ ಕೆಳಗಿಟ್ರೆ ಒಣಗಿ ಓಡಿದ್ರೂ ಸುಮ್ಮನಿರುತ್ತೆ. ಮಳೆಗಾಲದಲ್ಲಿ ಒಂದು ಅಂಕಿ, ಬೇಸಿಗೆಯಲ್ಲಿ ಒಂದು ಅಂಕಿ ಬರುತ್ತೆ, ಎರಡನ್ನೂ ಹಾಳೆ ಮೇಲೆ ಬರೀರಿ.

ನಿವೃತ್ತ ಲೈನ್‌ಮನ್

ಹಾಳೆಗೆ ಇನ್ನೊಂದು ಸಾಲು. ಕರೆಂಟ್ ಹೋಗಿ ಬಂದ ತಕ್ಷಣ ಮೋಟರ್ ಹಾಕಬಾರದು. ಕೆಳಗಿನ ನಾನ್ ರಿಟರ್ನ್ ವಾಲ್ವ್ ಸೋರ್ತಿದ್ರೆ ಪೈಪಿನ ನೀರು ಕೆಳಗಿಳೀತಾ ಪಂಪನ್ನ ಉಲ್ಟಾ ತಿರುಗಿಸ್ತಿರುತ್ತೆ. ಆ ಹೊತ್ತಲ್ಲಿ ಸ್ಟಾರ್ಟ್ ಮಾಡಿದ್ರೆ ಕಪ್ಲಿಂಗ್ ಇಲ್ಲವೇ ಶಾಫ್ಟ್ ತುಂಡಾಗುತ್ತೆ. ಆಟೋ ಸ್ಟಾರ್ಟರ್ ಇಟ್ಟವರು ಟೈಮರ್ ಹಾಕಿಸಿ. ಒಂದು ಟಿಸಿಯ ಎಲ್ಲ ಮೋಟರೂ ಒಂದೇ ಕ್ಷಣಕ್ಕೆ ಎದ್ರೆ ವೋಲ್ಟೇಜ್ ನೆಲ ಕಚ್ಚುತ್ತೆ, ಅದಕ್ಕೂ ಒಬ್ಬೊಬ್ಬರು ಬೇರೆ ಬೇರೆ ನಿಮಿಷ ಇಟ್ಕೊಂಡ್ರೆ ಒಳ್ಳೇದು.

ಹಿರಿಯೂರು ತೋಟ

ಎಲ್ಲ ಬರ್ಕೊಂಡೆ. ಬಿಡಿಭಾಗದ ಪಟ್ಟಿ ಹೇಗಿದೆ ಸಾರ್? ಪುಸ್ತಕದಲ್ಲಿ ಒಂದು ಪೂರ್ತಿ ಚಿತ್ರ ಇದೆ, ನಲವತ್ತು ಭಾಗಕ್ಕೆ ನಂಬರ್ ಹಾಕಿದಾರೆ.

ವೈಂಡಿಂಗ್ ಶಾಪ್

ಬುಷ್, ಇಂಪೆಲ್ಲರ್, ಬೇರಿಂಗ್ ಯಾವುದನ್ನೂ ಮನೆಯಲ್ಲಿ ಇಡಬೇಡಿ. ಎತ್ತಿಸದೆ ಹಾಕೋಕಾಗಲ್ಲ, ಎತ್ತಿಸಿದ ದಿನ ಹೇಗೂ ಅಂಗಡಿಗೆ ಬರ್ತೀರಿ. ಬಿಚ್ಚಿ ಅಳೆಯದೆ ಯಾವುದು ಸವೆದಿದೆ ಅಂತಲೂ ಗೊತ್ತಾಗಲ್ಲ.

ರಾತ್ರಿ ಹೊತ್ತು ಅಂಗಡಿ ಬಾಗಿಲು ಹಾಕಿದಾಗ ನಿಮ್ಮನ್ನ ಉಳಿಸೋದು ಮೇಲಿನ ಸಾಮಾನು. ನಿಮ್ಮ ಸ್ಟಾರ್ಟರಿಗೆ ಸರಿಯಾದ ಕಾಂಟ್ಯಾಕ್ಟ್ ಕಿಟ್ ಒಂದು, ನೋವೋಲ್ಟ್ ಕಾಯಿಲ್ ಒಂದು, ಸರಿಯಾದ ಆಂಪ್ಸಿನ ಫ್ಯೂಸ್ ಮೂರು. ಕಾಯಿಲ್ ಮೇಲೆ ವೋಲ್ಟೇಜ್ ಓದಿ ತಗೊಳ್ಳಿ. 415ರ ಜಾಗಕ್ಕೆ 240ರದ್ದು ಹಾಕಿ ಕೊಟ್ಟ ಕ್ಷಣವೇ ಹೊಗೆ ಬರಿಸಿದವರನ್ನ ನೋಡಿದೀನಿ. ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತೋದು ಬೇಡ.

ಪಟ್ಟಿಗಿಂತ ಮುಖ್ಯವಾದದ್ದು ಮೋಟರಿನ ಜಾತಕ. ಮೋಟರ್ ಪ್ಲೇಟ್, ಪಂಪ್ ಪ್ಲೇಟ್ ಎರಡರದ್ದೂ ಫೋಟೋ. ಎಷ್ಟು ಸ್ಟೇಜ್, ಯಾವ ಮಾಡೆಲ್, ಕೇಬಲ್ ಎಷ್ಟು ಸ್ಕ್ವೇರ್ ಎಂಎಂ, ಎಷ್ಟು ಉದ್ದ, ಪೈಪ್ ಎಷ್ಟು, ಇಳಿಸಿದ ತಾರೀಕು, ಅವತ್ತು ನೀರು ಎಷ್ಟು ಅಡಿಯಲ್ಲಿತ್ತು. ಪ್ಲೇಟ್ ಬೋರ್ ಒಳಗಿರುತ್ತೆ, ಇಳಿಸೋ ಮೊದಲು ಫೋಟೋ ತೆಗೀದಿದ್ರೆ ಅದು ಹೋದ ಹಾಗೇ. ಬರೀ 7.5 ಎಚ್‌ಪಿ ಅಂತ ಹೇಳಿ ಇಂಪೆಲ್ಲರ್ ಕೇಳಿದ್ರೆ ಯಾರೂ ಕೊಡೋಕಾಗಲ್ಲ.

ಸಿರಾದ ಸುಮಾ

ಎತ್ತಬೇಡಿ ಅನ್ನೋದರ ಬಗ್ಗೆ ಮಾತ್ರ ನನ್ನದು ಬೇರೆ ಅನುಭವ. ನಮ್ಮ ಬೋರಲ್ಲಿ ಮರಳು ಬರುತ್ತೆ. ಬಕೆಟಲ್ಲಿ ನೀರು ಹಿಡಿದು ಕಾಲು ಗಂಟೆ ಬಿಟ್ರೆ ತಳದಲ್ಲಿ ಕೂರುತ್ತೆ. ನಾನು ಪ್ರತಿ ವರ್ಷ ಶಿವರಾತ್ರಿ ಆಸುಪಾಸು ಎತ್ತಿಸ್ತೀನಿ. ಪೈಪೂ ನೋಡಿದ ಹಾಗಾಯ್ತು, ಬುಷ್ಷೂ ಬದಲಾಯಿಸಿದ ಹಾಗಾಯ್ತು. ಏಪ್ರಿಲ್‌ನಲ್ಲಿ ಗಿಡ ಒಣಗ್ತಾ ಇರುವಾಗ ಎತ್ತೋ ಗಾಡಿ ಸಿಗಲ್ಲ ಸಾರ್.

ವೈಂಡಿಂಗ್ ಶಾಪ್

ಮರಳು ಬರೋ ಬೋರಿಗೆ ಆ ಮಾತು ಒಪ್ತೀನಿ. ಆದ್ರೂ ನಾನಾಗಿದ್ರೆ ಡ್ರಮ್ ಲೆಕ್ಕ ನೋಡಿ ತೀರ್ಮಾನ ಮಾಡ್ತಿದ್ದೆ. ಐವತ್ತಿದ್ದದ್ದು ಅರವತ್ತಾದ್ರೆ ಎತ್ತು, ಐವತ್ತೆರಡಿದ್ರೆ ಬಿಡು.

ಸಿರಾದ ಸುಮಾ

ಐವತ್ತೆರಡು ಇದ್ದದ್ದು ಮೇ ತಿಂಗಳಲ್ಲಿ ಒಂದೇ ವಾರಕ್ಕೆ ಎಪ್ಪತ್ತಾಯ್ತು ಒಂದು ವರ್ಷ. ನಾನು ಶಿವರಾತ್ರಿಗೇ ಎತ್ತಿಸೋದು.

ದಾಳಿಂಬೆ ಬೆಳೆಗಾರ

ನೋಡಿ, ಸರ್ವಿಸ್ ಬೇಕು ಅಂತ ನಾನೂ ಅದನ್ನೇ ಹೇಳಿದ್ದು.

ಸಿರಾದ ಸುಮಾ

ನೀವು ಆರು ತಿಂಗಳು ಅಂದಿದ್ದು, ಮರಳಿಲ್ಲದ ಬೋರಿಗೆ.

ವೈಂಡಿಂಗ್ ಶಾಪ್

ಆರು ತಿಂಗಳಿಗೆ ಮೋಟರ್ ಎತ್ತೋ ಬದಲು ಮೆಗ್ಗರ್ ಹಾಕಿಸಿ. ಎಲೆಕ್ಟ್ರಿಷಿಯನ್ ಹತ್ರ 500 ವೋಲ್ಟಿನದ್ದು ಇರುತ್ತೆ. ಮೋಟರ್ ವೈರ್ ಸ್ಟಾರ್ಟರಿಂದ ಬಿಚ್ಚಿ, ವೈರಿಗೂ ಅರ್ತಿಗೂ ನಡುವೆ ನೋಡಬೇಕು. ಸ್ಟಾರ್ಟರ್ ಸೇರಿಸಿ ನೋಡಿದ್ರೆ ಅಲ್ಲಿನ ಧೂಳು ತೇವ ಎಲ್ಲ ಲೆಕ್ಕಕ್ಕೆ ಬರುತ್ತೆ. 2 ಮೆಗಾ ಓಮ್ ಮೇಲಿದ್ರೆ ನಿಶ್ಚಿಂತೆ. ಅರ್ಧ ಮೆಗಾ ಓಮ್‌ಗಿಂತ ಕೆಳಗೆ ಬಂದ್ರೆ ಜಾಯಿಂಟಿಗೋ ವೈಂಡಿಂಗಿಗೋ ನೀರು ನುಗ್ಗಿದೆ. ಒಂದು ಸಲದ ಅಂಕಿಗಿಂತ ಇಳೀತಾ ಬರೋದನ್ನ ನೋಡಿ, ಹತ್ತು ಇದ್ದದ್ದು ಐದಾಗಿ ಎರಡಾದ್ರೆ ಬೇಸಿಗೆಗೆ ಮೊದಲೇ ತಯಾರಾಗಿ.

ಹಿರಿಯೂರು ತೋಟ

ಹಾಳೆಯಲ್ಲಿ "ಮೋಟರ್ ಎತ್ತಿಸಿ ಸರ್ವಿಸ್" ಹೊಡೆದುಹಾಕಿ ಮೆಗ್ಗರ್ ಬರೆದೆ. ರಿಲೇ ಸಾಲಿನಲ್ಲಿ "ಡಯಲ್ ಮುಟ್ಟಬಾರದು, ಮೂರೂ ಫೇಸ್ ಅಳೆಯುವುದು" ಅಂತ ಕೆಂಪು ಶಾಯಿಯಲ್ಲಿ ಬರೆದೆ.

ಲೈನ್ ವಿಷಯ: ಮೂವರಲ್ಲಿ ಒಬ್ಬರು ಒಪ್ಪಿ ವೈ-ಬಿಗೆ ಬದಲಾಯಿಸಿಕೊಂಡ್ರು. ಈಗ ಆರ್ 12.3, ವೈ 12.9, ಬಿ 13.7. ಲೆಕ್ಕ ಹಾಕಿದ್ರೆ 5.7 ಪರ್ಸೆಂಟ್. ರಿಲೇ 13.5ರಲ್ಲೇ ಇದೆ, ಮೂರು ದಿನದಿಂದ ಬಿದ್ದಿಲ್ಲ. ಇನ್ನೊಬ್ಬರು ಬದಲಾಯಿಸಿದ್ರೆ ಒಬ್ಬೊಬ್ಬರು ಒಂದೊಂದು ಜೋಡಿ ಆಗುತ್ತೆ. ಅವರು ಮಾತ್ರ "ನಂದು ಚೆನ್ನಾಗೇ ಓಡ್ತಿದೆ, ನಾನ್ಯಾಕೆ ಮುಟ್ಲಿ" ಅಂತಿದಾರೆ. ಹೀಗೇ ಓಡಿಸಬಹುದಾ?

ನಿವೃತ್ತ ಲೈನ್‌ಮನ್

ಅವರಿಗೆ ಹೇಳಿ, ಆರ್-ವೈ ವೋಲ್ಟೇಜ್ ಇಳಿದಿರೋದರಿಂದ ಅವರ ಮೋಟರೇ ಜಾಸ್ತಿ ಆಂಪ್ಸ್ ಎಳೀತಿದೆ. ಬಿ-ಆರ್‌ಗೆ ಹಾಕಿದ್ರೆ ವೋಲ್ಟೇಜ್ ಜಾಸ್ತಿ ಸಿಗೋದು ಮೊದಲು ಅವರಿಗೇ. ಟಾಂಗ್ ಟೆಸ್ಟರ್ ತಗೊಂಡ್ಹೋಗಿ ಅವರ ಎದುರಲ್ಲೇ ವೋಲ್ಟೇಜ್ ತೋರಿಸಿ, ಮಾತಿಗಿಂತ ಮೀಟರ್ ಕೇಳ್ತಾರೆ.

ವೈಂಡಿಂಗ್ ಶಾಪ್

ಸದ್ಯಕ್ಕೆ ಓಡಿಸಿ. 13.7 ಪ್ಲೇಟಿಗಿಂತ ಕೂದಲೆಳೆ ಮೇಲಿದೆ, ಬೇಸಿಗೆ ಬರೋದರೊಳಗೆ ಅವರನ್ನ ಒಪ್ಪಿಸಿ. ಡಬ್ಬಿಯ ಆಂಪಿಯರ್ ಮೀಟರನ್ನ ಆರ್‌ನಿಂದ ತೆಗೆದು ಬಿ ಫೇಸಿಗೆ ಹಾಕಿಸಿ, ಇಲ್ಲಾಂದ್ರೆ ಮೂರೂ ಫೇಸ್ ತೋರಿಸೋ ಸೆಲೆಕ್ಟರ್ ಸ್ವಿಚ್ ಹಾಕಿಸಿ. ನಿಮ್ಮ ಚಿಕ್ಕಪ್ಪ ನೋಡ್ತಿದ್ದ ಮೀಟರ್ ಸುಳ್ಳು ಹೇಳಿಲ್ಲ, ಅದು ಕಮ್ಮಿ ಎಳೀತಿದ್ದ ಫೇಸಿನದ್ದಾಗಿತ್ತು.

ಹಿರಿಯೂರು ತೋಟ

ಅದನ್ನೇ ಅವರಿಗೆ ಓದಿ ಹೇಳಿದೆ ಸಾರ್. ಸೆಲೆಕ್ಟರ್ ಸ್ವಿಚ್ಚಿನ ದುಡ್ಡು ನಾಲ್ಕು ಮನೆಗೂ ಹಂಚ್ತೀಯೋ ಇಲ್ವೋ ಅಂತ ಕೇಳಿದ್ರು.